ಟೆಲಿಗ್ರಾಂ ಗ್ರೂಪ್ ಡಿಲೀಟ್ ಮಾಡಿದ ಮೇಲೆ ಫೈಲು ಯಾರ ಹತ್ತಿರ ಉಳಿಯುತ್ತೆ? ಒಂದು ಸ್ಟಡಿ ಗ್ರೂಪಿನ ಪ್ರಕರಣ

ಗ್ರೂಪ್ ಧಾರವಾಡದ್ದು. ಪಿಎಸ್‌ಐ, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುವವರು ಸೇರಿಕೊಂಡಿದ್ದ ಸ್ಟಡಿ ಗ್ರೂಪ್. ಶುರು ಮಾಡಿದವನು ನನ್ನ ಗೆಳೆಯ. ಮೊದಲು ಒಂದೇ ರೂಮಿನ ನಾಲ್ಕೈದು ಹುಡುಗರು, ಆಮೇಲೆ ಅವರ ಊರಿನವರು, ಆಮೇಲೆ ಲೈಬ್ರರಿಯಲ್ಲಿ ಪಕ್ಕ ಕೂತವರು, ಹೀಗೆ ಬೆಳೆದು 430ರ ಆಸುಪಾಸು ಸದಸ್ಯರಾಗಿದ್ದರು. ಹಳೆ ಪ್ರಶ್ನೆಪತ್ರಿಕೆ, ಕೈಬರಹದ ನೋಟ್ಸಿನ ಸ್ಕ್ಯಾನ್, ಪತ್ರಿಕೆಗಳ ಕಟಿಂಗ್, ಎಲ್ಲಾ ಸೇರಿ ಸಾವಿರಕ್ಕೂ ಜಾಸ್ತಿ ಫೈಲು.

ಅವನಿಗೆ ಕೆಲಸ ಸಿಕ್ಕಿತು. ಗ್ರೂಪ್ ನೋಡಿಕೊಳ್ಳಲು ಟೈಮ್ ಇರಲಿಲ್ಲ. ಮುಚ್ಚೋಣ ಅನ್ನೋಕೆ ಇನ್ನೂ ಎರಡು ಕಾರಣಗಳಿದ್ದವು. ಒಂದು, ಅರ್ಜಿ ತುಂಬುವ ವಾರಗಳಲ್ಲಿ ಕೆಲವರು "ಸರ್, ಇದು ಸರಿ ಐತೇನ್ರಿ ನೋಡ್ರಿ" ಅಂತ ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಸೀದಾ ಗ್ರೂಪಿಗೇ ಹಾಕಿಬಿಟ್ಟಿದ್ದರು. ಎರಡು, ಯಾರೋ ಒಂದು ಕೋಚಿಂಗ್ ಸಂಸ್ಥೆಯ ದುಡ್ಡು ಕೊಟ್ಟು ಕೊಳ್ಳಬೇಕಾದ ಪಿಡಿಎಫ್‌ಗಳನ್ನೂ ಹಾಕಿದ್ದರು.

ಅವನ ಲೆಕ್ಕ ಸರಳವಾಗಿತ್ತು: ಗ್ರೂಪ್ ನಾನೇ ಮಾಡಿದ್ದು, ಡಿಲೀಟ್ ಒತ್ತಿದರೆ ಎಲ್ಲರ ಫೋನಿನಿಂದಲೂ ಎಲ್ಲಾ ಹೋಗುತ್ತೆ. ಸದಸ್ಯರ ಲೆಕ್ಕ ಇದಕ್ಕೆ ತದ್ವಿರುದ್ಧ: ನಾನು ಫೈಲು ಡೌನ್‌ಲೋಡ್ ಮಾಡಿಕೊಂಡಿದ್ದೀನಿ, ಗ್ರೂಪ್ ಇದ್ದರೇನು ಹೋದರೇನು. ಎರಡೂ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪಿರುವ ಅರ್ಧದಲ್ಲೇ ಜನ ಸಿಕ್ಕಿಹಾಕಿಕೊಳ್ಳೋದು.

ಮೊದಲು ಫೈಲು ಇರೋದು ಎಲ್ಲಿ ಅಂತ ನೋಡೋಣ. ಸದಸ್ಯ ಒಂದು ಪಿಡಿಎಫ್ ಹಾಕಿದಾಗ ಅದು ಟೆಲಿಗ್ರಾಂ ಸರ್ವರಿಗೆ ಹೋಗಿ ಕೂರುತ್ತೆ. ಗ್ರೂಪಿನಲ್ಲಿ ಕಾಣೋದು ಆ ಫೈಲನ್ನು ತೋರಿಸುವ ಒಂದು ಮೆಸೇಜು ಅಷ್ಟೇ. ಗ್ರೂಪ್ ದೊಡ್ಡದಾಗುತ್ತಾ ಹೋದಂತೆ ಟೆಲಿಗ್ರಾಂ ಅದನ್ನು ಸೂಪರ್‌ಗ್ರೂಪ್ ಮಾಡುತ್ತೆ. ಸಾದಾ ಗ್ರೂಪಿನ ಮಿತಿ 200 ಜನ, ಸೂಪರ್‌ಗ್ರೂಪಿನದ್ದು 2 ಲಕ್ಷ. ಗ್ರೂಪನ್ನು ಪಬ್ಲಿಕ್ ಮಾಡಿದರೆ, ಅಥವಾ ಹೊಸಬರಿಗೂ ಹಳೆ ಮೆಸೇಜು ಕಾಣಲಿ ಅಂತ ಸೆಟ್ಟಿಂಗ್ ಬದಲಿಸಿದರೆ, ಸಣ್ಣ ಗ್ರೂಪ್ ಕೂಡ ಸೂಪರ್‌ಗ್ರೂಪ್ ಆಗುತ್ತೆ. ಸೂಪರ್‌ಗ್ರೂಪಿನಲ್ಲಿ ಮೆಸೇಜುಗಳ ಇತಿಹಾಸ ಒಂದೇ, ಎಲ್ಲರೂ ನೋಡೋದು ಅದನ್ನೇ. ಲೈಬ್ರರಿಯ ಒಂದೇ ಕಪಾಟನ್ನು 430 ಜನ ನೋಡುತ್ತಿದ್ದ ಹಾಗೆ. ಗ್ರೂಪ್ ಡಿಲೀಟ್ ಮಾಡಿದರೆ ಕಪಾಟು ಹೋಗುತ್ತೆ. ಅದಕ್ಕೂ ಮೊದಲು ಕಪಾಟಿನಿಂದ ಯಾರು ಏನನ್ನು ತೆಗೆದುಕೊಂಡು ಹೋಗಿದ್ದಾರೋ ಅದು ಅವರ ಹತ್ತಿರವೇ ಇರುತ್ತೆ.

ಸಾದಾ ಗ್ರೂಪಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಪ್ರತಿ ಸದಸ್ಯನ ಖಾತೆಯಲ್ಲೂ ಮೆಸೇಜುಗಳ ಪಟ್ಟಿ ಬೇರೆ ಬೇರೆಯಾಗಿ ಇರುತ್ತೆ. ಹಾಗಾಗಿ ಗ್ರೂಪ್ ಮಾಡಿದವನು ಚಾಟ್ ಲಿಸ್ಟಿನಿಂದ ತನಗೆ ಮಾತ್ರ ಡಿಲೀಟ್ ಮಾಡಿಕೊಂಡರೆ ಬೇರೆಯವರದ್ದು ಹಾಗೇ ಇರುತ್ತೆ. ಎಲ್ಲ ಸದಸ್ಯರಿಗೂ ಡಿಲೀಟ್ ಮಾಡು ಅನ್ನೋ ಟಿಕ್ ಹಾಕಿದರೆ ಮಾತ್ರ ಎಲ್ಲರಿಗೂ ಅನ್ವಯ. ನಿಮ್ಮದು ಯಾವ ಗ್ರೂಪ್ ಅಂತ ಗೊತ್ತಾಗಬೇಕಾ? ಯಾವುದಾದರೂ ಮೆಸೇಜು ಒತ್ತಿ ಹಿಡಿದು `Copy Link` ಬರುತ್ತಾ ನೋಡಿ. ಬಂದರೆ ಸೂಪರ್‌ಗ್ರೂಪ್. ಇವನ ಗ್ರೂಪಿನಲ್ಲಿ ಬಂತು, `t.me/c/` ಅಂತ ಶುರುವಾಗುವ ಲಿಂಕು. ಈ ಲಿಂಕಿನ ವಿಷಯ ಆಮೇಲೆ ಮತ್ತೆ ಬರುತ್ತೆ, ಅಲ್ಲೇ ಒಂದು ಪೇಚಾಟ ಆಯ್ತು.

ಬಾಯಿಮಾತಿಗೆ ಅವನು ಒಪ್ಪಲಿಲ್ಲ, ಸರಿನೇ ಬಿಡಿ. ಒಂದು ಪರೀಕ್ಷಾ ಗ್ರೂಪ್ ಮಾಡಿದೆವು. ಅವನು, ನಾನು, ಇನ್ನಿಬ್ಬರು ಗೆಳೆಯರು. ಹಳೆ ಮೆಸೇಜು ಹೊಸಬರಿಗೆ ಕಾಣಲಿ ಅಂತ ಸೆಟ್ಟಿಂಗ್ ಬದಲಿಸಿ ಅದನ್ನು ಸೂಪರ್‌ಗ್ರೂಪ್ ಮಾಡಿಕೊಂಡೆವು. ಇಲ್ಲದಿದ್ದರೆ ನಾಲ್ಕು ಜನರ ಸಾದಾ ಗ್ರೂಪಿನಲ್ಲಿ ನೋಡಿದ್ದು ದೊಡ್ಡ ಗ್ರೂಪಿಗೆ ಅನ್ವಯ ಆಗುತ್ತಿರಲಿಲ್ಲ. ಒಂದು ಪಿಡಿಎಫ್ ಹಾಕಿದ. ಒಬ್ಬ ಅದನ್ನು ಮುಟ್ಟಲೇ ಇಲ್ಲ. ಇನ್ನೊಬ್ಬ ಫೋನಿನಲ್ಲಿ ತೆರೆದು ಓದಿದ. ನಾನು ಲ್ಯಾಪ್‌ಟಾಪಿನ ಟೆಲಿಗ್ರಾಂ ಡೆಸ್ಕ್‌ಟಾಪಿನಲ್ಲಿ ಡೌನ್‌ಲೋಡ್ ಮಾಡಿಕೊಂಡೆ, ಜೊತೆಗೆ ಅದನ್ನೇ `Saved Messages`ಗೆ ಫಾರ್ವರ್ಡ್ ಮಾಡಿದೆ. ಆಮೇಲೆ ಅವನು ಗ್ರೂಪಿನ ಹೆಸರು ಮುಟ್ಟಿ, ಪೆನ್ಸಿಲ್ ಗುರುತು ಒತ್ತಿ, ತೀರ ಕೆಳಗಿದ್ದ `Delete Group` ಒತ್ತಿದ. ಸದಸ್ಯರೆಲ್ಲ ಹೊರಗೆ ಹೋಗುತ್ತಾರೆ, ಮೆಸೇಜುಗಳೆಲ್ಲ ಹೋಗುತ್ತವೆ ಅಂತ ಎಚ್ಚರಿಕೆ ಬಂತು. ಒಪ್ಪಿದ.

ಎಲ್ಲರ ಚಾಟ್ ಲಿಸ್ಟಿನಿಂದಲೂ ಗ್ರೂಪ್ ಮಾಯ. ಮುಟ್ಟದೇ ಇದ್ದವನಿಗೆ ಏನೂ ಇಲ್ಲ. ನನ್ನ ಲ್ಯಾಪ್‌ಟಾಪಿನ `Downloads\Telegram Desktop` ಫೋಲ್ಡರಿನಲ್ಲಿ ಪಿಡಿಎಫ್ ಹಾಗೇ ಇತ್ತು. `Saved Messages`ನಲ್ಲೂ ಇತ್ತು, ಬೇರೆ ಫೋನಿನಿಂದ ಲಾಗಿನ್ ಆಗಿ ಮತ್ತೆ ಡೌನ್‌ಲೋಡ್ ಮಾಡಿದರೂ ಬಂತು.

ಈ ಕೊನೆಯದ್ದು ಅವನಿಗೆ ತಲೆ ಕೆಡಿಸಿತು. "ಗ್ರೂಪೇ ಇಲ್ಲ, ಮತ್ ಸರ್ವರಿನ್ಯಾಗ ಫೈಲ್ ಹೆಂಗ ಐತಿ?" ಅಂದ. ಫಾರ್ವರ್ಡ್ ಅಂದರೆ ಹಳೆ ಮೆಸೇಜಿಗೆ ಕಟ್ಟಿದ ದಾರ ಅಲ್ಲ. ಅದೊಂದು ಹೊಸ ಮೆಸೇಜು, ಸರ್ವರಿನಲ್ಲಿರುವ ಅದೇ ಫೈಲನ್ನು ತೋರಿಸುತ್ತೆ. 1 ಜಿಬಿ ವಿಡಿಯೋ ಫಾರ್ವರ್ಡ್ ಮಾಡಿದರೂ ಕಣ್ಣುಮುಚ್ಚಿ ತೆಗೆಯೋದರೊಳಗೆ ಹೋಗೋದು ಇದಕ್ಕೇ, ಮತ್ತೆ ಅಪ್‌ಲೋಡ್ ಆಗೋದೇ ಇಲ್ಲ. ಹಳೆ ಮೆಸೇಜು ಹೋದರೂ, ಗ್ರೂಪೇ ಹೋದರೂ, ಹೊಸ ಮೆಸೇಜು ಇರುವತನಕ ಫೈಲು ಇರುತ್ತೆ. ಮೇಲೆ ಯಾರಿಂದ ಬಂದದ್ದು ಅನ್ನೋ ಹೆಸರೂ ಇರುತ್ತೆ.

ಫೋನಿನಲ್ಲಿ ತೆರೆದು ಓದಿದವನ ಕಥೆಗೆ ಸ್ವಲ್ಪ ಜಾಸ್ತಿ ಜಾಗ ಬೇಕು. ಗ್ರೂಪಿನ ಮುಕ್ಕಾಲು ಪಾಲು ಜನ ಇವನ ಹಾಗೇ ಬಳಸೋರು. ಆಂಡ್ರಾಯ್ಡ್ ಫೋನಿನಲ್ಲಿ ಪಿಡಿಎಫ್ ಮುಟ್ಟಿದರೆ ಬಾಣದ ಗುರುತು ತಿರುಗುತ್ತೆ, ಆಮೇಲೆ ಕಡತದ ಗುರುತು ಬರುತ್ತೆ, ಇನ್ನೊಮ್ಮೆ ಮುಟ್ಟಿದರೆ ತೆರೆಯುತ್ತೆ. ನೋಡಿದವರಿಗೆ ಡೌನ್‌ಲೋಡ್ ಆಯ್ತು ಅಂತಲೇ ಅನಿಸೋದು. ಆಗಿದೆ ಕೂಡ, ಆದರೆ ಆಪಿನ ಒಳಗಿನ ಫೋಲ್ಡರಿಗೆ. ಆ ಜಾಗ ಇದು:

```
Android/data/org.telegram.messenger/files/Telegram/
```

ಆಂಡ್ರಾಯ್ಡ್ 11ರಿಂದ ಈಚೆಗೆ ಈ ಫೋಲ್ಡರಿನ ಒಳಗೆ ಸಾಮಾನ್ಯ ಫೈಲ್ ಮ್ಯಾನೇಜರ್ ಇಣುಕೋಕೂ ಆಗಲ್ಲ. ಫೈಲು ಅಲ್ಲಿರೋದು ಕ್ಯಾಶ್ ಆಗಿ, ಅಂದರೆ ಆಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಪ್ರತಿಯಾಗಿ. ಸೆಟ್ಟಿಂಗಿನ `Data and Storage` ಒಳಗೆ `Storage Usage` ಅಂತ ಇದೆ, ಅಲ್ಲಿ ಕ್ಯಾಶ್ ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ನಿಗದಿ ಮಾಡಬಹುದು. ಆ ಅವಧಿ ಮುಗಿದ ಮೇಲೆ ಆಪೇ ಅಳಿಸುತ್ತೆ. ಗ್ರೂಪ್ ಇರುವಾಗ ಇದರಿಂದ ತೊಂದರೆ ಇಲ್ಲ. ಮತ್ತೆ ಮುಟ್ಟಿದರೆ ಸರ್ವರಿನಿಂದ ಮತ್ತೆ ಬರುತ್ತೆ. ಹಾಗಾಗಿ ಅಳಿಸಿದ್ದು ಯಾರ ಗಮನಕ್ಕೂ ಬರೋದಿಲ್ಲ. ಗ್ರೂಪ್ ಹೋದ ಮೇಲೆ ಮಾತ್ರ ಗೊತ್ತಾಗೋದು, ನನ್ನದು ಅಂದುಕೊಂಡದ್ದು ನನ್ನದಾಗಿರಲಿಲ್ಲ ಅಂತ. ಒಂದು ವೇಳೆ ಕ್ಯಾಶಿನಲ್ಲಿ ಫೈಲು ಇನ್ನೂ ಬಿದ್ದಿದ್ದರೂ, ಅದನ್ನು ತೆರೆಯೋಕೆ ಇದ್ದ ಬಾಗಿಲು ಆ ಮೆಸೇಜು. ಅದೇ ಇಲ್ಲ. ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಆ ಫೋಲ್ಡರೂ ಹೋಗುತ್ತೆ.

ನಿಜವಾಗಿ ಫೋನಿಗೆ ಇಳಿಯಬೇಕಾದರೆ ಮೆಸೇಜಿನ ಮೆನುವಿನಲ್ಲಿ `Save to Downloads` ಒತ್ತಬೇಕು. ಆಗ ಫೋನಿನ ಸಾಮಾನ್ಯ ಡೌನ್‌ಲೋಡ್ ಜಾಗಕ್ಕೆ ಬರುತ್ತೆ, ಟೆಲಿಗ್ರಾಂ ಇರಲಿ ಬಿಡಲಿ ಅದು ಇರುತ್ತೆ. ಐಫೋನಿನಲ್ಲೂ ಕಥೆ ಇದೇ. ಸುಮ್ನೆ ತೆರೆದರೆ ಆಪಿನ ಕ್ಯಾಶಿನಲ್ಲಿ, ಶೇರ್ ಒತ್ತಿ `Save to Files` ಮಾಡಿದರೆ ನಿಮ್ಮ ಹತ್ತಿರ. ಫೋಟೋಗಳಿಗೆ ಗ್ಯಾಲರಿಗೆ ತಾನೇ ಉಳಿಸುವ ಸೆಟ್ಟಿಂಗ್ ಇದೆ. ಅದು ಆನ್ ಇದ್ದವರ ಫೋನಿನಲ್ಲಿ, ಅವರಿಗೇ ಗೊತ್ತಿಲ್ಲದೆ, ಬೇರೆಯವರ ಆಧಾರ್ ಫೋಟೋ ಗ್ಯಾಲರಿಯಲ್ಲಿ ಕೂತಿರುತ್ತೆ. ಅಲ್ಲಿಂದ ಅದು ಗೂಗಲ್ ಫೋಟೋಸಿಗೂ ಬ್ಯಾಕಪ್ ಆಗಿರಬಹುದು.

ಇಷ್ಟು ನೋಡಿದ ಮೇಲೆ ಗೆಳೆಯನ ಯೋಜನೆಯ ಎಡವಟ್ಟು ಕಾಣಿಸಿತು. ಅವನಿಗೆ ಹೋಗಬೇಕಾಗಿದ್ದು ಆಧಾರ್ ಪ್ರತಿ ಮತ್ತು ಕೋಚಿಂಗಿನವರ ಪಿಡಿಎಫ್. ಉಳಿಯಬೇಕಾಗಿದ್ದು ನೋಟ್ಸು. ಡಿಲೀಟ್ ಒತ್ತಿದರೆ ಆಗೋದು ಉಲ್ಟಾ. ಆಸೆಪಟ್ಟು ಕೂಡಿಟ್ಟುಕೊಳ್ಳುವವರು, ಬೇರೆ ಗ್ರೂಪಿಗೆ ಫಾರ್ವರ್ಡ್ ಮಾಡುವವರು ಆಗಲೇ ಎತ್ತಿಕೊಂಡಿರುತ್ತಾರೆ, ಅವರಿಗೆ ಏನೂ ನಷ್ಟ ಇಲ್ಲ. ಗ್ರೂಪಿನಲ್ಲೇ ಇದೆಯಲ್ಲ, ಬೇಕಾದಾಗ ನೋಡಿದರಾಯ್ತು ಅಂತ ನಂಬಿಕೊಂಡಿದ್ದವರ ಕೈ ಮಾತ್ರ ಖಾಲಿ. ಫೋನಿನಲ್ಲಿ 32 ಜಿಬಿ ಜಾಗ ಇರುವ ಹುಡುಗ ಹುಡುಗಿಯರೇ ಅವರು, ಅಲ್ವಾ? ಟೆಲಿಗ್ರಾಮನ್ನು ಅವರು ಇಷ್ಟಪಡೋದೇ ಫೋನಿನಲ್ಲಿ ಇಟ್ಟುಕೊಳ್ಳದೆ ಓದಬಹುದು ಅಂತ.

ಹಾಗಾಗಿ ಕೆಲಸವನ್ನು ಎರಡಾಗಿ ಒಡೆದೆವು.

ಮೊದಲು ಹೋಗಬೇಕಾದವು. ಗ್ರೂಪ್ ಡಿಲೀಟ್ ಆಗುವವರೆಗೆ ಕಾಯೋ ಅಗತ್ಯವೇ ಇಲ್ಲ, ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ಗ್ರೂಪಿನ ಪ್ರೊಫೈಲಿನಲ್ಲಿ `Media` ಮತ್ತು `Files` ಟ್ಯಾಬುಗಳನ್ನು ತೆರೆದು ಮೇಲಿಂದ ಕೆಳಗೆ ನೋಡುತ್ತಾ ಹೋದ. ಬರೀ ಫೈಲಿನ ಹೆಸರಿನಲ್ಲಿ ಹುಡುಕಿದರೆ ಸಿಗಲ್ಲ. ಆಧಾರ್ ಪ್ರತಿಗಳ ಹೆಸರು `IMG_` ಅಂತಲೋ ಸ್ಕ್ಯಾನರ್ ಆಪ್ ಇಟ್ಟ ಹೆಸರಲ್ಲೋ ಇರುತ್ತೆ. ಕಣ್ಣಲ್ಲೇ ನೋಡಬೇಕು. ಸಿಕ್ಕಿದ್ದನ್ನೆಲ್ಲ ಅಳಿಸಿದ. ಸೂಪರ್‌ಗ್ರೂಪಿನಲ್ಲಿ ಅಳಿಸಿದ ಮೆಸೇಜು `Recent Actions`ನಲ್ಲಿ ಅಡ್ಮಿನ್‌ಗಳಿಗೆ 48 ಗಂಟೆ ಕಾಣುತ್ತೆ, ಆಮೇಲೆ ಅಲ್ಲಿಂದಲೂ ಹೋಗುತ್ತೆ. ಇದು ಗೊತ್ತಿಲ್ಲದ ಇನ್ನೊಬ್ಬ ಅಡ್ಮಿನ್ "ಇನ್ನೂ ಕಾಣ್ತಾ ಇದೆ" ಅಂತ ಗಾಬರಿಯಾಗಿದ್ದ.

ಆದರೆ ಈ ಅಳಿಸುವಿಕೆಗೂ ಅದೇ ಮಿತಿ. ಫಾರ್ವರ್ಡ್ ಆದದ್ದು, ಗ್ಯಾಲರಿಗೆ ಇಳಿದದ್ದು ನಮ್ಮ ಕೈಗೆ ಸಿಗಲ್ಲ. ಹಾಗಾಗಿ ಪ್ರತಿ ಹಾಕಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಖಾಸಗಿಯಾಗಿ ಮೆಸೇಜು ಹಾಕಿದ: ನಿಮ್ಮ ಆಧಾರ್ ಪ್ರತಿ ಗ್ರೂಪಿನಲ್ಲಿತ್ತು, ತೆಗೆದಿದ್ದೀನಿ, ಯಾರಾದರೂ ಉಳಿಸಿಕೊಂಡಿದ್ದರೆ ನಾನು ಏನೂ ಮಾಡೋಕಾಗಲ್ಲ, ಆಧಾರ್ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಇನ್ನು ಮುಂದೆ ಎಲ್ಲಿಗಾದರೂ ಕಳಿಸೋದಿದ್ದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಕೆಲಸ ಇದು. ಡಿಲೀಟ್ ಬಟನ್ನಿಗಿಂತ ಜಾಸ್ತಿ.

ಕೋಚಿಂಗ್ ಪಿಡಿಎಫ್ ವಿಷಯಕ್ಕೆ ಬಂದರೆ, ಗ್ರೂಪ್ ಅಳಿಸಿದರೆ ಮಾಡಿದವನ ಗುರುತೂ ಅಳಿಯುತ್ತೆ ಅಂತ ಅವನಿಗೆ ಒಂದು ನಂಬಿಕೆ ಇತ್ತು. ಅದನ್ನು ನಂಬಿ ಕೂರಬೇಡ ಅಂದೆ. 2020ರಲ್ಲಿ ಒಬ್ಬ ಕೋಚಿಂಗ್ ಶಿಕ್ಷಕಿ ತಮ್ಮ ಪಾಠ, ಪುಸ್ತಕಗಳನ್ನು ಯಾರೋ ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಂಚುತ್ತಿದ್ದಾರೆ ಅಂತ ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಆ ಚಾನೆಲ್ ನಡೆಸುವವರ ವಿವರ ಕೊಡಿ ಅಂತ 2022ರಲ್ಲಿ ಕೋರ್ಟು ಟೆಲಿಗ್ರಾಮಿಗೆ ಆದೇಶ ಮಾಡಿತು, ಕಂಪನಿ ಅಡ್ಮಿನ್‌ಗಳ ಹೆಸರು, ಫೋನ್ ನಂಬರು, ಐಪಿ ವಿಳಾಸಗಳನ್ನು ಕೋರ್ಟಿಗೆ ಕೊಟ್ಟಿತು. ಹಂಚಿದ್ದನ್ನು ತೆಗೆಯೋದು ಸರಿ, ತೆಗೆದುಬಿಟ್ಟರೆ ಹಂಚಿಯೇ ಇರಲಿಲ್ಲ ಅಂತ ಆಗಲ್ಲ.

ಇನ್ನು ಉಳಿಯಬೇಕಾದವು. ಮೊದಲು ಗ್ರೂಪಿನ `Permissions`ಗೆ ಹೋಗಿ ಸದಸ್ಯರು ಮೆಸೇಜು ಕಳಿಸುವ ಅನುಮತಿ ಆಫ್ ಮಾಡಿದ. ಓದಬಹುದು, ಇಳಿಸಿಕೊಳ್ಳಬಹುದು, ಹೊಸದು ಹಾಕೋಕಾಗಲ್ಲ. ಆಮೇಲೆ ಒಂದು ಪ್ರಕಟಣೆ ಪಿನ್ ಮಾಡಿದ: ಇಂಥ ದಿನ ಗ್ರೂಪ್ ಮುಚ್ಚುತ್ತೆ, ಬೇಕಾದ ಫೈಲನ್ನು `Saved Messages`ಗೆ ಫಾರ್ವರ್ಡ್ ಮಾಡಿಕೊಳ್ಳಿ ಅಥವಾ `Save to Downloads` ಮಾಡಿ, ಸುಮ್ನೆ ತೆರೆದು ನೋಡಿದ್ದು ಡೌನ್‌ಲೋಡ್ ಅಲ್ಲ. ಕೊನೆಯ ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿಸಿದೆ.

ಅವನೂ ಪೂರ್ತಿ ಒಂದು ಪ್ರತಿ ಇಟ್ಟುಕೊಳ್ಳಲಿ ಅಂತ ಟೆಲಿಗ್ರಾಂ ಡೆಸ್ಕ್‌ಟಾಪಿನಲ್ಲಿ ಗ್ರೂಪಿನ ಮೂರು ಚುಕ್ಕೆ ಮೆನುವಿನಿಂದ `Export chat history` ಮಾಡಿದೆವು. ಇದು ಫೋನ್ ಆಪಿನಲ್ಲಿ ಇಲ್ಲ. ಸೇವ್ ಮಾಡೋಕೆ ನಿರ್ಬಂಧ ಹಾಕದ ಗ್ರೂಪಿನಲ್ಲಿ ಸದಸ್ಯರೂ ಮಾಡಬಹುದು, ಮಾಲೀಕನೇ ಆಗಬೇಕು ಅಂತಿಲ್ಲ. ಮೊದಲ ಸಲ ಮುಗಿದಾಗ ಎಲ್ಲಾ ಬಂತು ಅಂದುಕೊಂಡ. ನಾನು `files` ಫೋಲ್ಡರ್ ತೆರೆದು ನೋಡು ಅಂದೆ. ಫೋಲ್ಡರೇ ಇರಲಿಲ್ಲ. ಯಾಕಂದ್ರೆ ಆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮೊದಲೇ ಟಿಕ್ ಆಗಿರೋದು ಫೋಟೋ ಒಂದೇ. ಫೈಲು, ವಿಡಿಯೋ, ವಾಯ್ಸ್ ಮೆಸೇಜು ಬೇಕಾದರೆ ನಾವೇ ಟಿಕ್ ಹಾಕಬೇಕು. ಅದರ ಕೆಳಗೆ ಗಾತ್ರದ ಮಿತಿಯ ಸ್ಲೈಡರ್ ಇದೆ, ಅದು ಶುರುವಿಗೆ 8 ಎಂಬಿಗೆ ನಿಂತಿರುತ್ತೆ. ಅದಕ್ಕಿಂತ ದೊಡ್ಡ ಫೈಲನ್ನು ಅದು ಇಳಿಸೋದೇ ಇಲ್ಲ, ಪುಟದಲ್ಲಿ ಹೆಸರು ಮಾತ್ರ ಬರೆದು, ಗಾತ್ರ ಮಿತಿ ಮೀರಿದೆ ಅಂತ ಸಣ್ಣದಾಗಿ ಹೇಳಿ ಮುಂದಕ್ಕೆ ಹೋಗುತ್ತೆ. ಕೈಬರಹದ ನೋಟ್ಸಿನ ಸ್ಕ್ಯಾನ್ ಯಾವುದೂ 8 ಎಂಬಿ ಒಳಗೆ ಇರಲ್ಲ. ಅಂದರೆ ಸಿಗೋದು ನಾಲ್ಕು ಪುಟದ ಪ್ರಕಟಣೆಗಳು, ತಪ್ಪಿಹೋಗೋದು ಇನ್ನೂರು ಪುಟದ ಇತಿಹಾಸದ ನೋಟ್ಸು.

ಸ್ಲೈಡರನ್ನು ಕೊನೆಗೆ ಎಳೆದು, ಎಲ್ಲಾ ಟಿಕ್ ಹಾಕಿ ಮತ್ತೆ ಮಾಡಿದ. ರಾತ್ರಿಯಿಡೀ ಓಡಿತು. ಸರಿ ಬಂದಿದೆಯಾ ಅಂತ ನೋಡೋಕೆ ಒಂದು ಸುಲಭ ದಾರಿ ಇದೆ: ಗ್ರೂಪಿನ ಪ್ರೊಫೈಲಿನಲ್ಲಿ ಎಷ್ಟು ಫೈಲು ಅಂತ ಸಂಖ್ಯೆ ತೋರಿಸುತ್ತೆ, ಅದನ್ನು ಎಕ್ಸ್‌ಪೋರ್ಟಿನ `files` ಫೋಲ್ಡರಿನಲ್ಲಿರುವ ಸಂಖ್ಯೆಯ ಜೊತೆ, `_thumb` ಅಂತ ಹೆಸರಿರುವ ಸಣ್ಣ ಚಿತ್ರಗಳನ್ನು ಬಿಟ್ಟು, ತಾಳೆ ನೋಡಿ. ಎರಡು ಮೂರು ಹೆಚ್ಚು ಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅರ್ಧಕ್ಕರ್ಧ ಇದ್ದರೆ ಸ್ಲೈಡರ್ ಮರೆತಿದ್ದೀರಿ ಅಂತ ಅರ್ಥ. ಇನ್ನೊಂದು, ಕೆಲವು ಸಲ ಎಕ್ಸ್‌ಪೋರ್ಟ್ ಒತ್ತಿದ ಕೂಡಲೇ ಶುರುವಾಗಲ್ಲ, ಭದ್ರತೆಗಾಗಿ 24 ಗಂಟೆ ಕಾಯಿರಿ ಅನ್ನುತ್ತೆ. ಹಾಗಾಗಿ ಡಿಲೀಟ್ ಮಾಡುವ ದಿನವೇ ಇದಕ್ಕೆ ಕೂರಬೇಡಿ.

ನೋಟ್ಸುಗಳನ್ನು ಮುಂದಿನವರಿಗೆ ಉಳಿಸೋಕೆ ಅಪ್‌ಲೋಡ್ ಮಾಡುವ ಗೋಜಿಗೆ ಹೋಗಲಿಲ್ಲ. ಗ್ರೂಪಿನಲ್ಲಿದ್ದ ಇನ್ನೊಬ್ಬ ಅಡ್ಮಿನ್ ಒಂದು ಹೊಸ ಚಾನೆಲ್ ಮಾಡಿದ. ಹಳೆ ಗ್ರೂಪಿನಿಂದ ಒಂದು ಸಲಕ್ಕೆ 100 ಮೆಸೇಜಿನಂತೆ ಆರಿಸಿ ಅದಕ್ಕೆ ಫಾರ್ವರ್ಡ್ ಮಾಡಿದ. ಮೇಲೆ ಹೇಳಿದ ಕಾರಣಕ್ಕೇ, ಗ್ರೂಪ್ ಸತ್ತರೂ ಈ ಪ್ರತಿಗಳು ಬದುಕುತ್ತವೆ. ಫಾರ್ವರ್ಡ್ ಮಾಡುವಾಗ ಕಳಿಸಿದವರ ಹೆಸರು ಮರೆಮಾಡುವ ಆಯ್ಕೆ ಇದೆ, ಅದನ್ನು ಬಳಸಿದ. ತಾವು ಬರೆದ ನೋಟ್ಸಿನ ಮೇಲೆ ಹೆಸರು ಇರಲಿ ಅಂದ ಇಬ್ಬರದ್ದು ಮಾತ್ರ ಹಾಗೇ ಬಿಟ್ಟ.

ಡಿಲೀಟ್ ಮಾಡಿದ ದಿನ ಏನೂ ಗಲಾಟೆ ಆಗಲಿಲ್ಲ. ಗಲಾಟೆ ಶುರುವಾದದ್ದು ಮಾರನೇ ದಿನ, ಅದೂ ಲಿಂಕಿನಿಂದ.

ಗ್ರೂಪಿನಲ್ಲಿ ಒಂದು ಸೂಚಿ ಮೆಸೇಜು ಪಿನ್ ಆಗಿತ್ತು. ವಿಷಯವಾರು ನೋಟ್ಸು ಎಲ್ಲೆಲ್ಲಿದೆ ಅಂತ, ಒಂದೊಂದರ ಮುಂದೆ ಒಂದು ಲಿಂಕು, `t.me/c/` ಅಂತ ಶುರುವಾಗೋದು. ತುಂಬಾ ಜನ ಪ್ರಕಟಣೆ ನೋಡಿ ಮಾಡಿದ್ದೇನಪ್ಪಾ ಅಂದರೆ, ಆ ಒಂದು ಸೂಚಿಯನ್ನು `Saved Messages`ಗೆ ಕಳಿಸಿಕೊಂಡು ಕೆಲಸ ಆಯ್ತು ಅಂತ ಕೂತಿದ್ದರು. ಸೂಚಿಯ ಅಕ್ಷರಗಳು ಉಳಿದವು. ಲಿಂಕು ಮುಟ್ಟಿದರೆ ಚಾಟ್ ತೆರೆಯಲ್ಲ. ಆ ಲಿಂಕು ಅಂದರೆ ಇಂಥ ಗ್ರೂಪಿನ ಇಷ್ಟನೇ ಮೆಸೇಜು ಅನ್ನೋ ವಿಳಾಸ, ಗ್ರೂಪೇ ಇಲ್ಲದ ಮೇಲೆ ವಿಳಾಸಕ್ಕೆ ಮನೆ ಎಲ್ಲಿ? "ಸರ್, ನಾ ಎಲ್ಲಾ ಸೇವ್ ಮಾಡಿದ್ನಿರಿ, ಒಂದೂ ಓಪನ್ ಆಗವಲ್ದು" ಅಂತ ಒಬ್ಬಳು ವಾಯ್ಸ್ ಮೆಸೇಜು ಕಳಿಸಿದ್ದಳು. ಚಾನೆಲ್ ಇದ್ದದ್ದಕ್ಕೆ ಬಚಾವ್. ಹೊಸ ಅಡ್ಮಿನ್ ಕೂತು ಸೂಚಿಯನ್ನು ಹೊಸ ಲಿಂಕುಗಳೊಂದಿಗೆ ಮತ್ತೆ ಬರೆದ.

ಇನ್ನೊಬ್ಬನಿಗೆ ಬೇಕಾಗಿದ್ದ ಒಂದು ಸ್ಕ್ಯಾನು ಚಾನೆಲ್ಲಿಗೆ ಬಂದಿರಲಿಲ್ಲ, ಎಕ್ಸ್‌ಪೋರ್ಟಿನಲ್ಲೂ ಸಿಗಲಿಲ್ಲ. ಹಾಕಿದವನೇ ಹಿಂದೆ ಯಾವಾಗಲೋ ಅಳಿಸಿದ್ದಿರಬೇಕು. ಈ ಹುಡುಗ ಅದನ್ನು ತನ್ನ ಹಳೆ ಟ್ಯಾಬಿನಲ್ಲಿ ಓದಿದ್ದು ನೆನಪಿತ್ತು, ಆ ಟ್ಯಾಬು ತಿಂಗಳುಗಟ್ಟಲೆ ಆಫ್ ಆಗಿ ಕಪಾಟಿನಲ್ಲಿ ಬಿದ್ದಿತ್ತು. ವೈಫೈ ಸಿಗದ ಜಾಗಕ್ಕೆ ಹೋಗಿ ಆನ್ ಮಾಡು, ಮೊದಲು ಏರೋಪ್ಲೇನ್ ಮೋಡ್ ಹಾಕು, ಆಮೇಲೆ ಟೆಲಿಗ್ರಾಂ ತೆರೆ ಅಂತ ಹೇಳಿದೆವು. ಗ್ರೂಪ್ ಹೋಗಿದೆ, ಮೆಸೇಜು ಅಳಿದಿದೆ ಅನ್ನೋ ಸುದ್ದಿ ಸರ್ವರಿನಿಂದ ಬಂದ ಮೇಲೆಯೇ ಆಪ್ ಅವನ್ನು ತೆಗೆಯೋದು. ನೆಟ್ ಸಿಗುವವರೆಗೆ ಅದರ ಪಾಲಿಗೆ ಗ್ರೂಪ್ ಜೀವಂತ. ಗ್ರೂಪ್ ಕಂಡಿತು, ಸ್ಕ್ಯಾನು ಕ್ಯಾಶಿನಲ್ಲಿತ್ತು, `Save to Downloads` ಮಾಡಿಕೊಂಡ. ಇದು ಅದೃಷ್ಟದ ಆಟ. ಟ್ಯಾಬು ಆನ್ ಆದ ಕೂಡಲೇ ಮನೆಯ ವೈಫೈ ಹಿಡಿದಿದ್ದರೆ ಮುಗಿದಿತ್ತು, ಅವಧಿ ಮೀರಿ ಕ್ಯಾಶ್ ಖಾಲಿಯಾಗಿದ್ದರೂ ಅಷ್ಟೇ.

ಸೇವ್ ಮಾಡೋಕೆ ನಿರ್ಬಂಧ ಹಾಕೋ ಸೆಟ್ಟಿಂಗ್ ಇದೆಯಲ್ಲ, ಮೊದಲೇ ಅದನ್ನು ಹಾಕಬಹುದಿತ್ತಲ್ಲ ಅಂತ ಕೆಲವರು ಕೇಳಿದರು. 2021ರ ಕೊನೆಯಲ್ಲಿ ಬಂದದ್ದು ಅದು, `Restrict saving content`. ಆನ್ ಮಾಡಿದರೆ ಸದಸ್ಯರು ಫಾರ್ವರ್ಡ್ ಮಾಡೋಕೆ, ಸೇವ್ ಮಾಡೋಕೆ ಆಗಲ್ಲ. ಆನ್ ಮಾಡೋ ಮೊದಲು ಹೊರಗೆ ಹೋದದ್ದಕ್ಕೆ ಅದು ಏನೂ ಮಾಡಲ್ಲ, ಇನ್ನೊಂದು ಫೋನಿನ ಕ್ಯಾಮೆರಾಕ್ಕೂ ಏನೂ ಮಾಡಲ್ಲ. ಮತ್ತೆ ನೋಟ್ಸ್ ಹಂಚೋಕೆ ಅಂತಲೇ ಮಾಡಿದ ಗ್ರೂಪಿಗೆ ಅದನ್ನು ಹಾಕೋದು ನನಗಂತೂ ಹಾಸ್ಯಾಸ್ಪದ ಅನಿಸುತ್ತೆ.

ಇವನ ಗ್ರೂಪಿಗೆ ಅನ್ವಯ ಆಗದ ಒಂದೆರಡು ವಿಷಯ, ಬೇರೆಯವರಿಗೆ ಬೇಕಾಗಬಹುದು. ಗ್ರೂಪಿನಲ್ಲಿ 1000ಕ್ಕಿಂತ ಜಾಸ್ತಿ ಸದಸ್ಯರಿದ್ದರೆ ಆಪಿನಿಂದ ಡಿಲೀಟ್ ಆಗಲ್ಲ, ತುಂಬಾ ದೊಡ್ಡದು ಅಂತ ತಡೆಯುತ್ತೆ. ಆಗ ಟೆಲಿಗ್ರಾಂ ಸಪೋರ್ಟಿಗೆ ಬರೆಯಬೇಕು, ಇಲ್ಲವೇ ಸದಸ್ಯರನ್ನು ತೆಗೆದು ಸಂಖ್ಯೆ ಇಳಿಸಬೇಕು. ಗ್ರೂಪ್ ಬಿಟ್ಟು ಖಾತೆಯನ್ನೇ ಡಿಲೀಟ್ ಮಾಡಿದರೆ ಎಲ್ಲಾ ಹೋಗುತ್ತೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹೋಗಲ್ಲ. ನೀವು ಮಾಡಿದ ಗ್ರೂಪ್ ಮಾಲೀಕನಿಲ್ಲದೆ ನಡೆಯುತ್ತಾ ಇರುತ್ತೆ, ಇದ್ದ ಅಡ್ಮಿನ್‌ಗಳ ಅಧಿಕಾರ ಹಾಗೇ ಇರುತ್ತೆ, ನೀವು ಕಳಿಸಿದ್ದರ ಪ್ರತಿ ಬೇರೆಯವರ ಹತ್ತಿರ ಇರುತ್ತೆ. ಡಿಲೀಟ್ ಬಟನ್ ಒತ್ತೋಕೆ ನೀವು ಮಾತ್ರ ಇರಲ್ಲ. ಹಾಗಾಗಿ ಗ್ರೂಪ್ ಅಳಿಸೋದು ಮೊದಲು, ಖಾತೆ ಆಮೇಲೆ.

ಡಿಲೀಟ್ ಮಾಡದೆ ಮಾಲೀಕತ್ವವನ್ನೇ ಇನ್ನೊಬ್ಬನಿಗೆ ಕೊಡೋದು ಇವನಿಗೂ ಒಂದು ದಾರಿಯಾಗಿತ್ತು, ಸೂಕ್ಷ್ಮ ಫೈಲುಗಳನ್ನು ಅಳಿಸಿದ ಮೇಲೆ ನಾನು ಅದನ್ನೇ ಹೇಳಿದ್ದೆ. ಅಡ್ಮಿನ್‌ಗೆ ಎಲ್ಲಾ ಹಕ್ಕು ಕೊಟ್ಟರೆ ಅವನ ಪುಟದ ಕೆಳಗೆ `Transfer Group Ownership` ಬರುತ್ತೆ. ಅದಕ್ಕೆ ಮಾಲೀಕನ ಖಾತೆಯಲ್ಲಿ ಎರಡು ಹಂತದ ಪಾಸ್‌ವರ್ಡ್ ಕನಿಷ್ಠ 7 ದಿನದಿಂದ ಆನ್ ಇರಬೇಕು, ಆ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ಕಳೆದಿರಬೇಕು. ಹಾಗೆ ಮಾಡಿದ್ದರೆ ಸೂಚಿಯ ಲಿಂಕುಗಳು ಸಾಯುತ್ತಿರಲಿಲ್ಲ, ಯಾರ ನೋಟ್ಸೂ ಹೋಗುತ್ತಿರಲಿಲ್ಲ. ಆದರೆ ಸರ್ಕಾರಿ ಕೆಲಸ ಸಿಕ್ಕ ಮೇಲೆ, ತಾನು ಶುರು ಮಾಡಿದ ಗ್ರೂಪ್ ಬೇರೆಯವರ ಕೈಯಲ್ಲಿ ಏನಾಗುತ್ತೋ ಅನ್ನೋ ಅಳುಕು ಅವನಿಗೆ. ಅದೂ ಸುಳ್ಳಲ್ಲ.

ಹೊಸ ಚಾನೆಲ್ ಈಗ ನಡೆಯುತ್ತಿದೆ. ಅದರಲ್ಲಿ ನಮ್ಮವನು ಸಾದಾ ಸದಸ್ಯ. ಅರ್ಜಿ ಪರಿಶೀಲನೆಗೆ ಪ್ರತಿ ಕಳಿಸುವವರು ಅಡ್ಮಿನ್‌ಗೆ ಖಾಸಗಿಯಾಗಿಯೇ ಕಳಿಸಬೇಕು, ಆ ಚಾಟಿಗೆ ಒಂದು ದಿನದ ಆಟೋ ಡಿಲೀಟ್ ಹಾಕಿಕೊಂಡೇ ಕಳಿಸಬೇಕು ಅಂತ ಅಲ್ಲಿ ಒಂದು ನಿಯಮ ಪಿನ್ ಆಗಿದೆ.